ವಿಂಡೋಸ್ ಒಳಗೆ ವಿಂಡೋಸ್: ಲೈಸೆನ್ಸ್ ಎಷ್ಟು ಬೇಕು?

ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ 11 ಲೈಸೆನ್ಸ್ ಆ ಯಂತ್ರಕ್ಕೆ ಮಾತ್ರ. ಅದರಲ್ಲೇ ವಿಎಂವೇರ್ ಹಾಕಿ ಇನ್ನೊಂದು ವಿಂಡೋಸ್ ನಡೆಸಿದರೆ, ಮೈಕ್ರೋಸಾಫ್ಟ್‌ನ ಕರಾರಿನ ಪ್ರಕಾರ ಆ ವರ್ಚುವಲ್ ಯಂತ್ರವೂ ಪ್ರತ್ಯೇಕ ಸಾಧನ. ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಬಿಡಿಯಾಗಿ ಕೊಂಡ ಲೈಸೆನ್ಸ್ ಹಾಕಿ ಆಕ್ಟಿವೇಟ್ ಮಾಡಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಆಕ್ಟಿವೇಶನ್ ಯಂತ್ರದ ಗುರುತಿಗೆ ಅಂಟಿಕೊಂಡಿರುತ್ತದೆ. ವರ್ಚುವಲ್ ಯಂತ್ರದ ಫೈಲುಗಳನ್ನು ಹೊಸ ಕಂಪ್ಯೂಟರಿಗೆ ಸಾಗಿಸಿ ತೆರೆದಾಗ ವಿಎಂವೇರ್ ಒಂದು ಪ್ರಶ್ನೆ ಕೇಳುತ್ತದೆ. `I Copied It` ಒತ್ತಿದರೆ ಯುಯುಐಡಿ, ನೆಟ್‌ವರ್ಕ್ ವಿಳಾಸ ಎರಡೂ ಬದಲಾಗಿ, ವಿಂಡೋಸ್ ಮತ್ತೆ ಆಕ್ಟಿವೇಶನ್ ಕೇಳಬಹುದು. ನಿಜವಾಗಿ ಸಾಗಿಸಿದ್ದರೆ `I Moved It` ಒತ್ತಬೇಕು. ಹಳೆಯ ಗುರುತು ಹಾಗೇ ಉಳಿಯುತ್ತದೆ. ಆಮೇಲೆ ಒಳಗಿನ ವಿಂಡೋಸ್‌ನಲ್ಲಿ `slmgr /xpr` ಕೊಟ್ಟರೆ ಆಕ್ಟಿವೇಶನ್ ಶಾಶ್ವತವೋ, ಅವಧಿಯದ್ದೋ ತಿಳಿಯುತ್ತದೆ.