ಗುರುವಾರ ಶುರುವಾಗುವ ವಾರ

ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗಳ ಕೋಣೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗಿದೆ. ಅದರಲ್ಲಿ ಪ್ರತಿ ತಿಂಗಳ 7, 11, 20ನೇ ತಾರೀಖುಗಳಿಗೆ ಕೆಂಪು ಸುತ್ತು, ಎಲ್ಲ ಬುಧವಾರಗಳಿಗೆ ನೀಲಿ ಸುತ್ತು. ಕೆಂಪು ಅವಳ ಆಫೀಸಿನದು. ಅವಳಿಗೆ ಟ್ಯಾಕ್ಸ್ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ: 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ನೀಲಿ ಅವಳ ಕೋರ್ಸಿನದು. ಎನ್‌ಪಿಟೆಲ್‌ನಲ್ಲಿ 12 ವಾರಗಳ ಪೈಥಾನ್ ಕೋರ್ಸಿಗೆ ಸೇರಿದ್ದಳು. ಅದರ ಅಸೈನ್‌ಮೆಂಟನ್ನು ಬುಧವಾರ ರಾತ್ರಿ 11:59ರೊಳಗೆ ಹಾಕಬೇಕು.

ಇದು ಅವಳ ಎರಡನೇ ಪ್ರಯತ್ನ. ಮೊದಲ ಸಲ ನಾಲ್ಕನೇ ವಾರಕ್ಕೇ ಕೈಬಿಟ್ಟಿದ್ದಳು. ಆಗಿನ ವೇಳಾಪಟ್ಟಿ ನೋಡಲು ಬಹಳ ಶಿಸ್ತಿನದು: ದಿನಾ ರಾತ್ರಿ 9ರಿಂದ 10 ಓದು. ಆದರೆ 18, 19ನೇ ತಾರೀಖು ರಾತ್ರಿ 9ಕ್ಕೆ ಅವಳಿನ್ನೂ ಆಫೀಸಿನಲ್ಲೇ ಇರುತ್ತಿದ್ದಳು. ತಪ್ಪಿದ ಒಂದು ಗಂಟೆ ಮರುದಿನಕ್ಕೆ ಸೇರಿ ಎರಡಾಯಿತು, ಅದರ ಮರುದಿನಕ್ಕೆ ಮೂರು. ಆಮೇಲೆ ಲ್ಯಾಪ್‌ಟಾಪ್ ತೆರೆಯಲೇ ಭಯ. ದಿನದ ಲೆಕ್ಕದಲ್ಲಿ ಓದಲು ಹೊರಟವರಲ್ಲಿ ಎಷ್ಟೋ ಮಂದಿ ಎಡವುವುದು ಇಲ್ಲೇ. ಆಫೀಸಿನ ಒತ್ತಡ ದಿನಾ ಒಂದೇ ಸಮ ಇರುವುದಿಲ್ಲ. ದಿನಾ ಒಂದೇ ಸಮದ ಓದು ಅದಕ್ಕೆ ಹೊಂದುವುದೂ ಇಲ್ಲ.

ಎರಡನೇ ಸಲ, ಜನವರಿಯ ಸೆಮಿಸ್ಟರಿಗೆ ಸೇರಿದಾಗ, ಅವಳು ಮೊದಲು ಮಾಡಿದ್ದು ಗಡಿಯಾರ ಇಟ್ಟುಕೊಂಡು ಅಳೆಯುವ ಕೆಲಸ. ಒಂದು ವಾರದ ವಿಡಿಯೊಗಳ ಒಟ್ಟು ಅವಧಿ ಸುಮಾರು ಎರಡೂವರೆ ಗಂಟೆ. ವಾರಕ್ಕೆ ಮೂರು ಗಂಟೆ ಸಾಕು ಎಂದು ಹೋದ ಸಲ ಅಂದುಕೊಂಡಿದ್ದು ಇದನ್ನೇ ನೋಡಿ. ಈ ಸಲ ಮೊದಲ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು, ಮೇಷ್ಟ್ರು ಬರೆದ ಕೋಡನ್ನು ತಾನೂ ಟೈಪ್ ಮಾಡಿದಳು, ತಪ್ಪು ಬಂದಲ್ಲಿ ಹುಡುಕಿದಳು. ಅರ್ಧ ಗಂಟೆಯ ವಿಡಿಯೊ 55 ನಿಮಿಷ ನುಂಗಿತು. ಆ ಲೆಕ್ಕದಲ್ಲಿ ಪಾಠಗಳಿಗೇ ನಾಲ್ಕೂವರೆ ಗಂಟೆ, ಅಸೈನ್‌ಮೆಂಟಿಗೆ ಒಂದೂವರೆ. ಒಟ್ಟು ಆರು. ಮೊದಲ ಸಲದ ಅಂದಾಜಿಗೆ ಸರಿಯಾಗಿ ಎರಡು ಪಟ್ಟು.

ಇನ್ನು ಈ ಆರು ಗಂಟೆಯನ್ನು ಎಲ್ಲಿ ಕೂರಿಸುವುದು? ಇಲ್ಲಿ ಅವಳು ಮಾಡಿದ ಒಂದು ಸಣ್ಣ ಬದಲಾವಣೆ ನನಗೆ ಬಹಳ ಹಿಡಿಸಿತು. "ಮಾಮಾ, ನನ್ನ ವಾರ ಸೋಮವಾರಕ್ಕ ಶುರು ಆಗಂಗಿಲ್ಲ, ಗುರುವಾರಕ್ಕ ಆಗತೈತಿ" ಅಂದಳು. ಗಡುವು ಬುಧವಾರ ರಾತ್ರಿಯಾದರೆ ಗುರುವಾರವೇ ಮೊದಲ ದಿನ. ಸೋಮವಾರ ಶುರುಮಾಡಿದರೆ ಗಡುವಿಗೆ ಉಳಿಯುವುದು ಮೂರೇ ದಿನ, ಅವೂ ಆಫೀಸಿನ ದಿನಗಳು. ಗುರುವಾರ ಶುರುಮಾಡಿದರೆ ಶನಿವಾರದ ಮಧ್ಯಾಹ್ನ ಮತ್ತು ಭಾನುವಾರ ಎರಡೂ ಗಡುವಿಗೆ ಮುಂಚೆಯೇ ಸಿಗುತ್ತವೆ.

ಹೀಗೆ ಅವಳ ವಾರದಲ್ಲಿ ಐದು ಬ್ಲಾಕುಗಳಾದವು. ಬ್ಲಾಕ್ ಅಂದರೆ ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದಂತೆ ಮೊದಲೇ ಹಿಡಿದಿಟ್ಟ ಹೊತ್ತು. ಗುರುವಾರ ರಾತ್ರಿ ಮುಕ್ಕಾಲು ಗಂಟೆ: ವಾರದ ಪಾಠಗಳ ಪಟ್ಟಿ ನೋಡಿ ಮೊದಲನೆಯದನ್ನು ಮುಗಿಸುವುದು. ಆಫೀಸು ಅರ್ಧ ದಿನವಿರುವ ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ. ಭಾನುವಾರ ಬೆಳಿಗ್ಗೆ 6ರಿಂದ ಎರಡು ಗಂಟೆ, ನಡುವೆ ಒಂದು ಚಹಾ. ಸೋಮವಾರ ಬೆಳಿಗ್ಗೆ ಒಂದು ಗಂಟೆ ಅಸೈನ್‌ಮೆಂಟಿನ ಮೊದಲ ಸುತ್ತು. ಮಂಗಳವಾರ ರಾತ್ರಿ ಮುಕ್ಕಾಲು ಗಂಟೆ ತಿದ್ದುಪಡಿ. ಶುಕ್ರವಾರ ಪೂರ್ತಿ ರಜೆ. ಬುಧವಾರ ರಾತ್ರಿ ಒಂದು ಗಂಟೆ ಬೇಕೆಂದೇ ಖಾಲಿ.

ಸೋಮವಾರದ ಬ್ಲಾಕಿಗೆ ಒಂದು ಕಾರಣವಿದೆ. ಎನ್‌ಪಿಟೆಲ್‌ನಲ್ಲಿ ಬಹು ಆಯ್ಕೆಯ ಅಸೈನ್‌ಮೆಂಟನ್ನು ಗಡುವಿನೊಳಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯ ಸಲ್ಲಿಕೆಯೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸೋಮವಾರವೇ ಗೊತ್ತಿದ್ದಷ್ಟು ಉತ್ತರ ಹಾಕಿ ಸಲ್ಲಿಸಿಬಿಡುತ್ತಿದ್ದಳು. ಬುಧವಾರ ಸಂಜೆ ಯಾರಾದರೂ ಪಾರ್ಟಿ ಬಿಲ್ಲುಗಳ ಕಟ್ಟು ಹಿಡಿದು ಬಂದರೂ ಹತ್ತರಲ್ಲಿ ಆರಾದರೂ ಜೇಬಿನಲ್ಲಿರುತ್ತಿತ್ತು.

ಪ್ರತಿ ಬ್ಲಾಕಿನ ಎದುರು 'ಓದು' ಎಂದಷ್ಟೇ ಬರೆಯುತ್ತಿರಲಿಲ್ಲ. 'ಪಾಠ 3, ಲಿಸ್ಟ್, ಮೂರು ಕೋಡ್ ಟೈಪ್ ಮಾಡುವುದು' ಎಂದು ಬರೆಯುತ್ತಿದ್ದಳು. ಬರಿ 'ಓದು' ಎಂದಿದ್ದರೆ ಕೂತ ಮೇಲೆ ಏನು ಓದಲಿ ಎಂದು ಹುಡುಕುವುದಕ್ಕೇ ಹತ್ತು ನಿಮಿಷ ಹೋಗುತ್ತದೆ. ಎದ್ದಾಗ ಮುಗಿಯಿತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ.

ಇಷ್ಟು ಸಾಧಾರಣ ವಾರದ ಮಾತು. ಕೆಂಪು ಸುತ್ತು ನೀಲಿ ಸುತ್ತಿಗೆ ಡಿಕ್ಕಿ ಹೊಡೆಯುವ ವಾರ ಬೇರೆ. 2025ರ ಫೆಬ್ರುವರಿ ನೋಡಿ. 11 ಮಂಗಳವಾರ, 12 ಬುಧವಾರ. ಮುಂದಿನ ವಾರ 19 ಬುಧವಾರ, 20 ಗುರುವಾರ. ಎರಡೂ ಕಷ್ಟದ ವಾರಗಳೇ, ಆದರೆ ಕಷ್ಟ ಇರುವ ಜಾಗ ಬೇರೆ ಬೇರೆ. ಮೊದಲನೆಯದರಲ್ಲಿ ಆಫೀಸಿನ ಗಡುವು ಹಿಂದಿನ ದಿನವೇ ಮುಗಿದು ಬುಧವಾರ ಸಂಜೆ ಹಗುರ. ಎರಡನೆಯದರಲ್ಲಿ ಬುಧವಾರವೇ ಆಫೀಸಿನ ಅತಿ ದೊಡ್ಡ ರಾತ್ರಿ.

ಆದ್ದರಿಂದ 12ರ ವಾರದಲ್ಲಿ ಅವಳು ಮಂಗಳವಾರದ ಬ್ಲಾಕನ್ನು ಬುಧವಾರಕ್ಕೆ ದೂಡಿದಳು. ಸೋಮವಾರ ಮುಂಜಾನೆ ಮೊದಲ ಸಲ್ಲಿಕೆ, ಬುಧವಾರ ರಾತ್ರಿ ತಿದ್ದುಪಡಿ. 19ರ ವಾರದಲ್ಲಿ ಎಲ್ಲವನ್ನೂ ಹಿಂದಕ್ಕೆಳೆದಳು. 13ರ ಗುರುವಾರ ಒಂದು ಗಂಟೆ, ರಜೆಯಾಗಿರಬೇಕಿದ್ದ ಶುಕ್ರವಾರ ಇನ್ನೊಂದು ಗಂಟೆ, ಶನಿವಾರ ಒಂದೂವರೆ, 16ರ ಭಾನುವಾರ ಬೆಳಿಗ್ಗೆ ಮತ್ತು ಸಂಜೆ ಸೇರಿ ಎರಡೂವರೆ. ಒಟ್ಟು ಆರು ಗಂಟೆ. ಭಾನುವಾರ ರಾತ್ರಿ ಅಸೈನ್‌ಮೆಂಟ್ ಸಲ್ಲಿಸಿದವಳು ಗುರುವಾರದವರೆಗೆ ಕೋರ್ಸಿನ ಪುಟವನ್ನೇ ತೆರೆಯಲಿಲ್ಲ. ಮೊದಲ ಸಲ ಮುಳುಗಿಸಿದ್ದು ಇಂಥದೇ ವಾರ. ಫೆಬ್ರುವರಿಗೆ 28 ದಿನವಿದ್ದುದರಿಂದ ಮಾರ್ಚಿನಲ್ಲೂ ವಾರ, ತಾರೀಖು ಹಾಗೇ ಬಂದವು. ಅದೇ ನಕ್ಷೆಯನ್ನು ಮತ್ತೊಮ್ಮೆ ಬಳಸಿದಳು.

ಈ ಬದಲಾವಣೆಗಳನ್ನೆಲ್ಲ ಮಾಡುತ್ತಿದ್ದುದು ಬುಧವಾರ ಮಲಗುವ ಮುಂಚಿನ ಹದಿನೈದು ನಿಮಿಷದಲ್ಲಿ. ಮುಂದಿನ ಏಳು ದಿನಗಳಲ್ಲಿ ಕೆಂಪು ಸುತ್ತು ಎಲ್ಲಿದೆ, ಮನೆಯಲ್ಲಿ ಮದುವೆ, ಹಬ್ಬ, ಬೀಗರು ಏನಾದರೂ ಇದೆಯೇ ಎಂದು ನೋಡಿ, ಮೊದಲು ಅದನ್ನು ಬರೆದು, ಉಳಿದ ಜಾಗದಲ್ಲಿ ಬ್ಲಾಕು ಹಾಕುವುದು. ಪಟ್ಟಿಯನ್ನು ಅಡುಗೆಮನೆಯ ಫ್ರಿಜ್ಜಿನ ಮೇಲೂ ಅಂಟಿಸುತ್ತಿದ್ದಳು. "ಭಾನುವಾರ ಎಂಟರ ತನಕ ಅಕಿನ್ನ ಕರಿಯಂಗಿಲ್ಲ" ಎಂದು ನನ್ನ ಅಕ್ಕನೇ ಮನೆಗೆ ಬಂದವರಿಗೆ ಹೇಳತೊಡಗಿದಳು. ಯಾರಿಗೂ ಕಾಣದ ವೇಳಾಪಟ್ಟಿಗೆ ಈ ಕಾವಲು ಸಿಗುತ್ತಿರಲಿಲ್ಲ.

ತಪ್ಪಿದ ಬ್ಲಾಕಿಗೆ ಅವಳು ಇಟ್ಟುಕೊಂಡ ನಿಯಮ ಒಂದೇ. ಅದು ಬುಧವಾರದ ಖಾಲಿ ಗಂಟೆಗೆ ಹೋಗಬೇಕು, ಬೇರೆ ಬ್ಲಾಕಿನ ಮೇಲೆ ಹೇರಬಾರದು. ಎರಡು ಬ್ಲಾಕು ತಪ್ಪಿದರೆ ಒಂದು ಪಾಠ ಬಿಡಬೇಕು, ನಿದ್ದೆ ಬಿಡಬಾರದು. ಬಿಡುವುದಕ್ಕೂ ಕೋರ್ಸಿನ ನಿಯಮದಲ್ಲೇ ಜಾಗವಿದೆ. 12 ವಾರದ ಕೋರ್ಸಿನಲ್ಲಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟುಗಳ ಸರಾಸರಿಯನ್ನಷ್ಟೇ ತೆಗೆದುಕೊಳ್ಳುತ್ತಾರೆ. ಅದಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಕೊನೆಯ ಪರೀಕ್ಷೆಗೆ 75. ಪಾಸಾಗಲು 25ರಲ್ಲಿ 10, 75ರಲ್ಲಿ 30, ಎರಡೂ ಬರಬೇಕು.

ನಾಲ್ಕು ಬಿಡಬಹುದು ಎಂದು ಮೊದಲ ತಿಂಗಳಲ್ಲೇ ಎರಡು ಬಿಟ್ಟುಬಿಡುವವರಿದ್ದಾರೆ. ಅದು ಕೆಟ್ಟ ಲೆಕ್ಕ, ಏಕೆಂದರೆ ನಿಜವಾದ ಕಷ್ಟ ಮಾರ್ಚ್ ಕೊನೆಗೆ ಕಾದು ಕೂತಿರುತ್ತದೆ. ಇವಳು ಜನವರಿಯಲ್ಲೇ ಏಪ್ರಿಲ್ 2ರ ಬುಧವಾರದ ನೀಲಿ ಸುತ್ತಿನ ಮೇಲೆ ಅಡ್ಡಗೆರೆ ಎಳೆದಿದ್ದಳು. ಮಾರ್ಚ್ 30 ಯುಗಾದಿ, 31 ಆರ್ಥಿಕ ವರ್ಷದ ಕೊನೆ. ಆ ವಾರ ಕೋರ್ಸಿಲ್ಲ ಎಂದು ಎರಡು ತಿಂಗಳ ಮೊದಲೇ ತೀರ್ಮಾನವಾಗಿತ್ತು. ಜ್ವರ ಬಂದು ಇನ್ನೊಂದು ತಪ್ಪಿತು. ಹಾಗೂ ಹತ್ತು ಸಲ್ಲಿಕೆಯಾದವು. ಆದರೆ ಬಿಟ್ಟದ್ದು ಅಸೈನ್‌ಮೆಂಟು ಮಾತ್ರ. ಪಾಠಗಳನ್ನು ಮುಂದಿನ ವಾರದ ಖಾಲಿ ಗಂಟೆಯಲ್ಲಿ ನೋಡಿಕೊಂಡಳು, ಮುಕ್ಕಾಲು ಪಾಲು ಅಂಕದ ಪರೀಕ್ಷೆಯಲ್ಲಿ ಆ ಪಾಠಗಳ ಪ್ರಶ್ನೆಗಳೂ ಇರುತ್ತವಲ್ಲ.

ಹಳಿ ತಪ್ಪುತ್ತಿದೆ ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದೆ. ಅವಳು ಹೇಳಿದ ಮೊದಲ ಗುರುತು ವಿಡಿಯೊದ ವೇಗ. ಒಂದೂಮುಕ್ಕಾಲು ಪಟ್ಟು ವೇಗದಲ್ಲಿ ನೋಡಲು ಶುರುಮಾಡಿದಳೆಂದರೆ ಪಾಠ ಕಲಿಯುತ್ತಿಲ್ಲ, ಪಟ್ಟಿಯಲ್ಲಿ ಟಿಕ್ ಹಾಕುತ್ತಿದ್ದಾಳೆ ಎಂದರ್ಥ. ಆರನೇ ವಾರ ಹಾಗೇ ಆಯಿತು. ವಿಡಿಯೊ ಎಲ್ಲ ನೋಡಿದ್ದಳು, ಖಾಲಿ ಪರದೆ ಎದುರು ಕೂತರೆ ನಾಲ್ಕು ಸಾಲು ಬರೆಯಲಾಗಲಿಲ್ಲ. ಎರಡನೆಯ ಗುರುತು, ಒಂದೇ ಬ್ಲಾಕು ಮೂರು ವಾರ ಸತತ ತಪ್ಪುವುದು. ಅದು ಸೋಮಾರಿತನವಲ್ಲ, ಬ್ಲಾಕು ಕೂತ ಜಾಗ ತಪ್ಪು. ಮಂಗಳವಾರ ರಾತ್ರಿಯದು ಹಾಗೆ ತಪ್ಪುತ್ತಿತ್ತು. ಬೆಳಿಗ್ಗೆ ಆರಕ್ಕೆ ಬದಲಿಸಿದ ಮೇಲೆ ನಿಂತಿತು.

ಈ ಪದ್ಧತಿ ಎಲ್ಲರಿಗೂ ಹೊಂದುವುದಿಲ್ಲ. ನಿಗದಿತ ಹೊತ್ತಿಗೆ ನೇರ ತರಗತಿ ನಡೆಯುವ ಕೋರ್ಸಾದರೆ ಬ್ಲಾಕನ್ನು ಸರಿಸುವ ಸ್ವಾತಂತ್ರ್ಯವೇ ಇರುವುದಿಲ್ಲ. ಪಾಳಿ ಕೆಲಸದವರು ವಾರದ ಬದಲು ಪಾಳಿ ಬದಲಾಗುವ ದಿನದಿಂದ ಎಣಿಸಬೇಕಾಗುತ್ತದೆ. ವಾರಕ್ಕೆ ಹತ್ತು ಹನ್ನೆರಡು ಗಂಟೆ ಬೇಡುವ ಕೋರ್ಸನ್ನು ಯಾವ ಜಾಣ್ಮೆಯಿಂದಲೂ ಆರು ಗಂಟೆಗೆ ಇಳಿಸಲಾಗದು. ಸೇರುವ ಮುಂಚೆ ಒಂದು ಪಾಠವನ್ನು ಗಡಿಯಾರ ಹಿಡಿದು ನೋಡಬೇಕಾದ್ದು ಅದಕ್ಕೇ.

ಅವಳಿಗೆ ಅಸೈನ್‌ಮೆಂಟಿನಲ್ಲಿ 25ಕ್ಕೆ 20, ಪರೀಕ್ಷೆಯಲ್ಲಿ 75ಕ್ಕೆ 43 ಬಂತು. ಒಟ್ಟು 63. 60 ದಾಟಿದ್ದರಿಂದ ಪ್ರಮಾಣಪತ್ರದ ಮೇಲೆ 'ಎಲೀಟ್' ಎಂದಿದೆ. ಅದನ್ನು ಫೈಲಿನಲ್ಲಿಟ್ಟಿದ್ದಾಳೆ. ಕ್ಯಾಲೆಂಡರ್ ಮಾತ್ರ ಗೋಡೆಯ ಮೇಲೇ ಇದೆ. ಮೊನ್ನೆ ಹೋದಾಗ ಅದರ ಮೇಲೆ ಹೊಸ ಸೆಮಿಸ್ಟರಿನ ನೀಲಿ ಸುತ್ತುಗಳು ಬಿದ್ದಿದ್ದವು. ಅವುಗಳಲ್ಲಿ ಎರಡಕ್ಕೆ ಈಗಲೇ ಅಡ್ಡಗೆರೆ.