ಗಡಿಯಾರದ ಮುಳ್ಳುಗಳ ನಡುವಿನ ಕೋನ

ಮೂರೂಕಾಲಕ್ಕೆ ಗಡಿಯಾರದ ಎರಡು ಮುಳ್ಳುಗಳೂ 3ರ ಅಂಕಿಯ ಬಳಿಯೇ ಇರುತ್ತವೆ. ಆದರೆ ಅವುಗಳ ನಡುವಿನ ಕೋನ ಸೊನ್ನೆಯಲ್ಲ, 7.5 ಡಿಗ್ರಿ. ನಿಮಿಷದ ಮುಳ್ಳು ಸರಿಯಾಗಿ 3ರ ಮೇಲಿರುತ್ತದೆ. ಗಂಟೆ ಮುಳ್ಳು ಮಾತ್ರ ಆ ಹದಿನೈದು ನಿಮಿಷಗಳಲ್ಲಿ 3ನ್ನು ದಾಟಿ ಸ್ವಲ್ಪ ಮುಂದೆ ಹೋಗಿರುತ್ತದೆ. ಗಂಟೆ ಮುಳ್ಳು ಒಂದು ಅಂಕಿಯಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ, ಎಡೆಬಿಡದೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಅದು ಎಷ್ಟು ವೇಗವಾಗಿ ಸರಿಯುತ್ತದೆ ಎಂಬುದು ಗೊತ್ತಿದ್ದರೆ, ಯಾವ ಹೊತ್ತಿನಲ್ಲಾದರೂ ಎರಡು ಮುಳ್ಳುಗಳ ನಡುವಿನ ಕೋನವನ್ನು ಗಡಿಯಾರ ನೋಡದೆಯೇ ಹೇಳಬಹುದು.

ಎರಡು ಮುಳ್ಳು, ಎರಡು ವೇಗ

ತಿರುಗುವ ವಸ್ತುವೊಂದು ಒಂದು ನಿಗದಿತ ಅವಧಿಯಲ್ಲಿ ಎಷ್ಟು ಕೋನ ತಿರುಗುತ್ತದೆಯೋ ಅದೇ ಅದರ ಕೋನೀಯ ವೇಗ. ಮುಳ್ಳು ಉದ್ದವಿರಲಿ, ಗಿಡ್ಡವಿರಲಿ, ಈ ಲೆಕ್ಕಕ್ಕೆ ವ್ಯತ್ಯಾಸವಿಲ್ಲ. ಕೈಗಡಿಯಾರದ ನಿಮಿಷದ ಮುಳ್ಳೂ ಗೋಪುರದ ಗಡಿಯಾರದ ನಿಮಿಷದ ಮುಳ್ಳೂ ಒಂದೇ ಕೋನೀಯ ವೇಗದಲ್ಲಿ ತಿರುಗುತ್ತವೆ.

ಪೂರ್ಣ ಸುತ್ತೆಂದರೆ 360 ಡಿಗ್ರಿ. ನಿಮಿಷದ ಮುಳ್ಳು ಇದನ್ನು 60 ನಿಮಿಷಗಳಲ್ಲಿ ಮುಗಿಸುತ್ತದೆ. ಹಾಗಾಗಿ ಅದರ ವೇಗ ನಿಮಿಷಕ್ಕೆ 6 ಡಿಗ್ರಿ. ಗಂಟೆ ಮುಳ್ಳಿಗೆ ಅದೇ ಸುತ್ತನ್ನು ಮುಗಿಸಲು 12 ಗಂಟೆ, ಅಂದರೆ 720 ನಿಮಿಷ ಬೇಕು. ಅದರ ವೇಗ ನಿಮಿಷಕ್ಕೆ ಅರ್ಧ ಡಿಗ್ರಿ, ಗಂಟೆಗೆ 30 ಡಿಗ್ರಿ. ಗಡಿಯಾರದ ಮುಖದಲ್ಲಿ ಅಕ್ಕಪಕ್ಕದ ಎರಡು ಅಂಕಿಗಳ ನಡುವೆ ಇರುವುದೂ ಇದೇ 30 ಡಿಗ್ರಿ.

ನಿಮಿಷದ ಮುಳ್ಳಿನ ವೇಗ ಗಂಟೆ ಮುಳ್ಳಿನ ವೇಗದ ಸರಿಯಾಗಿ ಹನ್ನೆರಡು ಪಟ್ಟು. ಸಾಮಾನ್ಯ ಗಡಿಯಾರದಲ್ಲಿ ಈ ಅನುಪಾತವನ್ನು ಕಾಯುವುದು ಮುಖದ ಹಿಂದಿರುವ ಹಲ್ಲುಚಕ್ರಗಳು. ಅವು ಎರಡೂ ಮುಳ್ಳುಗಳನ್ನು ಒಂದಕ್ಕೊಂದು ಜೋಡಿಸಿರುವುದರಿಂದ ಗಡಿಯಾರ ತಡವಾಗಿ ನಡೆಯಲಿ, ಬೇಗ ನಡೆಯಲಿ, ಒಂದು ಮುಳ್ಳು ಇನ್ನೊಂದನ್ನು ಬಿಟ್ಟು ಓಡುವಂತಿಲ್ಲ.

12ರಿಂದ ಅಳೆಯುವ ಕ್ರಮ

ಎರಡೂ ಮುಳ್ಳುಗಳ ಸ್ಥಾನವನ್ನು 12ರ ಅಂಕಿಯಿಂದ, ಮುಳ್ಳು ತಿರುಗುವ ದಿಕ್ಕಿನಲ್ಲೇ ಅಳೆಯುವುದು ಅನುಕೂಲ. ಹೊತ್ತು h ಗಂಟೆ m ನಿಮಿಷ ಎಂದಿಟ್ಟುಕೊಳ್ಳೋಣ. ನಿಮಿಷದ ಮುಳ್ಳು 12ರಿಂದ 6m ಡಿಗ್ರಿ ದೂರ ಬಂದಿರುತ್ತದೆ. ಗಂಟೆ ಮುಳ್ಳು ಪೂರ್ತಿಯಾದ ಗಂಟೆಗಳಿಗೆ 30h ಡಿಗ್ರಿ, ಮೇಲಿನ ನಿಮಿಷಗಳಿಗೆ 0.5m ಡಿಗ್ರಿ, ಒಟ್ಟು 30h + 0.5m ಡಿಗ್ರಿ ಬಂದಿರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ನಡುವಿನ ಕೋನ ಸಿಗುತ್ತದೆ:

ಕೋನ = |30h − 5.5m|

ಎರಡು ನೇರ ಗೆರೆಗಳ ಅರ್ಥ ಇಷ್ಟೇ: ಉತ್ತರ ಋಣವಾಗಿ ಬಂದರೆ ಋಣ ಚಿಹ್ನೆಯನ್ನು ಬಿಟ್ಟುಬಿಡಬೇಕು. ಋಣ ಬಂದಿದೆ ಎಂದರೆ 12ರಿಂದ ಅಳೆದಾಗ ನಿಮಿಷದ ಮುಳ್ಳು ಗಂಟೆ ಮುಳ್ಳಿಗಿಂತ ಮುಂದಿದೆ ಎಂದು ತಿಳಿಯಬೇಕು.

3 ಗಂಟೆ 40 ನಿಮಿಷವನ್ನು ನೋಡೋಣ. 30 × 3 = 90, 5.5 × 40 = 220. ವ್ಯತ್ಯಾಸ 130 ಡಿಗ್ರಿ. ಪ್ರತ್ಯೇಕವಾಗಿ ಅಳೆದರೂ ಇದೇ ಬರುತ್ತದೆ: ನಿಮಿಷದ ಮುಳ್ಳು 240 ಡಿಗ್ರಿಯಲ್ಲಿ, ಅಂದರೆ 8ರ ಮೇಲಿದೆ, ಗಂಟೆ ಮುಳ್ಳು 90ಕ್ಕೆ 20 ಸೇರಿ 110 ಡಿಗ್ರಿಯಲ್ಲಿದೆ. ಈ 20 ಡಿಗ್ರಿಯನ್ನು ಮರೆತು ಗಂಟೆ ಮುಳ್ಳು 3ರ ಮೇಲೆಯೇ ನಿಂತಿದೆ ಎಂದುಕೊಂಡರೆ ಉತ್ತರ 150 ಆಗಿಬಿಡುತ್ತದೆ. ಈ ಲೆಕ್ಕದಲ್ಲಿ ಹೆಚ್ಚಾಗಿ ಆಗುವ ತಪ್ಪು ಇದೇ. ನಿಮಿಷಗಳು ಹೆಚ್ಚಿದಷ್ಟೂ ತಪ್ಪು ದೊಡ್ಡದಾಗುತ್ತದೆ.

ಉತ್ತರ 180ನ್ನು ದಾಟಿದಾಗ ಇನ್ನೊಂದು ಹೆಜ್ಜೆ ಬೇಕು. 10 ಗಂಟೆ 10 ನಿಮಿಷಕ್ಕೆ ಸೂತ್ರ ಕೊಡುವುದು 300 − 55 = 245 ಡಿಗ್ರಿ. ಇದು ಸುತ್ತುಬಳಸಿ ಅಳೆದ ಕೋನ. ಎರಡು ಮುಳ್ಳುಗಳ ನಡುವೆ ಯಾವಾಗಲೂ ಎರಡು ಕೋನಗಳಿದ್ದು ಅವುಗಳ ಮೊತ್ತ 360 ಆಗಿರುತ್ತದೆ. ಚಿಕ್ಕ ಕೋನ ಬೇಕಿದ್ದರೆ 360ರಿಂದ 245ನ್ನು ಕಳೆಯಬೇಕು. ಉತ್ತರ 115 ಡಿಗ್ರಿ. ಹೊತ್ತು 12 ಗಂಟೆಯ ಮೇಲೆ ಇಷ್ಟು ನಿಮಿಷ ಎಂದಿದ್ದರೆ h ಜಾಗದಲ್ಲಿ 12ರ ಬದಲು 0 ಇಟ್ಟುಕೊಂಡರೆ ಲೆಕ್ಕ ಹಗುರವಾಗುತ್ತದೆ.

ಬೆನ್ನಟ್ಟುವ ಮುಳ್ಳು

ಸೂತ್ರದಲ್ಲಿರುವ 5.5 ಎಂಬ ಸಂಖ್ಯೆ ಎರಡು ವೇಗಗಳ ವ್ಯತ್ಯಾಸ: 6ರಿಂದ 0.5 ಕಳೆದದ್ದು. ಇದನ್ನು ಸಾಪೇಕ್ಷ ಕೋನೀಯ ವೇಗ ಎನ್ನುತ್ತಾರೆ. ಎರಡೂ ಮುಳ್ಳುಗಳು ಒಂದೇ ದಿಕ್ಕಿಗೆ ತಿರುಗುವುದರಿಂದ ವೇಗಗಳನ್ನು ಕೂಡದೆ ಕಳೆಯಬೇಕು. ಗಂಟೆ ಮುಳ್ಳು ನಿಂತಲ್ಲೇ ನಿಂತಿದೆ, ನಿಮಿಷದ ಮುಳ್ಳು ಮಾತ್ರ ನಿಮಿಷಕ್ಕೆ 5.5 ಡಿಗ್ರಿಯಂತೆ ಅದನ್ನು ಬೆನ್ನಟ್ಟುತ್ತಿದೆ ಎಂದು ಭಾವಿಸಿದರೂ ಅವುಗಳ ನಡುವಿನ ಅಂತರದ ಲೆಕ್ಕ ಬದಲಾಗುವುದಿಲ್ಲ. ಹೀಗೆ ನೋಡಿದರೆ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು: ಇಂತಿಷ್ಟು ಕೋನ ಯಾವ ಹೊತ್ತಿಗೆ ಆಗುತ್ತದೆ?

4ರಿಂದ 5 ಗಂಟೆಯವರೆಗಿನ ಅವಧಿಯನ್ನು ಪೂರ್ತಿಯಾಗಿ ಹಿಂಬಾಲಿಸಿದರೆ ಇದು ಸ್ಪಷ್ಟವಾಗುತ್ತದೆ. ಸರಿಯಾಗಿ 4 ಗಂಟೆಗೆ ನಿಮಿಷದ ಮುಳ್ಳು 12ರಲ್ಲೂ ಗಂಟೆ ಮುಳ್ಳು 4ರಲ್ಲೂ ಇದ್ದು, ನಿಮಿಷದ ಮುಳ್ಳು 120 ಡಿಗ್ರಿ ಹಿಂದಿರುತ್ತದೆ. ಮೊದಲು ಬರುವುದು ಲಂಬಕೋನ. 120 ಇದ್ದ ಅಂತರ 90ಕ್ಕೆ ಇಳಿಯಲು 30 ಡಿಗ್ರಿ ಸವೆಯಬೇಕು. 30ನ್ನು 5.5ರಿಂದ ಭಾಗಿಸಿದರೆ 5 5/11 ನಿಮಿಷ. ಅಂದರೆ ಸುಮಾರು 4 ಗಂಟೆ 5 ನಿಮಿಷ 27 ಸೆಕೆಂಡಿಗೆ ಮುಳ್ಳುಗಳು ಲಂಬವಾಗಿರುತ್ತವೆ.

ಅಂತರವಿಡೀ ಸವೆದಾಗ ಮುಳ್ಳುಗಳು ಒಂದರ ಮೇಲೊಂದು ಬರುತ್ತವೆ. 120ನ್ನು 5.5ರಿಂದ ಭಾಗಿಸಿದರೆ 21 9/11 ನಿಮಿಷ, ಸುಮಾರು 4 ಗಂಟೆ 21 ನಿಮಿಷ 49 ಸೆಕೆಂಡು. ಅದು 4 ಗಂಟೆ 20 ನಿಮಿಷಕ್ಕೇ ಆಗಬೇಕಿತ್ತಲ್ಲ ಎಂದು ಕಣ್ಣಿಗೆ ತೋರುತ್ತದೆ. ಆದರೆ ನಿಮಿಷದ ಮುಳ್ಳು 4ರ ಅಂಕಿಯನ್ನು ಮುಟ್ಟುವಷ್ಟರಲ್ಲಿ ಗಂಟೆ ಮುಳ್ಳು 10 ಡಿಗ್ರಿ ಮುಂದೆ ಸರಿದಿರುತ್ತದೆ. ಆ 10 ಡಿಗ್ರಿಯನ್ನು ಹಿಡಿಯಲು ಇನ್ನೂ ಒಂದೂಮುಕ್ಕಾಲು ನಿಮಿಷಕ್ಕಿಂತ ತುಸು ಹೆಚ್ಚು ಬೇಕಾಗುತ್ತದೆ.

ಅಲ್ಲಿಂದ ಮುಂದೆ ನಿಮಿಷದ ಮುಳ್ಳು ಮುಂದಾಗುತ್ತದೆ, ಅಂತರ ಬೆಳೆಯುತ್ತದೆ. ಅದು 90 ಡಿಗ್ರಿ ಮುಂದೆ ಹೋಗುವ ಹೊತ್ತಿಗೆ 4 ಗಂಟೆಯಿಂದ ಒಟ್ಟು 120 + 90 = 210 ಡಿಗ್ರಿ ಗಳಿಸಿರಬೇಕು; ಅದಕ್ಕೆ 38 2/11 ನಿಮಿಷ. ಮುಳ್ಳುಗಳು ಎದುರುಬದುರಾಗಲು, ಎಂದರೆ 180 ಡಿಗ್ರಿ ಅಂತರವಾಗಲು, 300 ಡಿಗ್ರಿ ಗಳಿಸಬೇಕು. ಅದಕ್ಕೆ 54 6/11 ನಿಮಿಷ. ಉಳಿದ ಐದೂವರೆ ನಿಮಿಷದಷ್ಟು ಹೊತ್ತಿನಲ್ಲಿ ಚಿಕ್ಕ ಕೋನ ಮತ್ತೆ ಕಿರಿದಾಗುತ್ತ ಬಂದು, 5 ಗಂಟೆಗೆ 150 ಡಿಗ್ರಿಯಲ್ಲಿ ನಿಲ್ಲುತ್ತದೆ.

ಹನ್ನೆರಡು ಗಂಟೆಯಲ್ಲಿ ಎಷ್ಟು ಸಲ?

ಮೇಲಿನ ಲೆಕ್ಕದಲ್ಲಿ ಒಂದು ಕ್ರಮವಿದೆ. ಲಂಬಕೋನದಿಂದ ಕೂಡುವಿಕೆಗೆ, ಅಲ್ಲಿಂದ ಮತ್ತೆ ಲಂಬಕೋನಕ್ಕೆ, ಅಲ್ಲಿಂದ ಎದುರುಬದುರಿಗೆ ಪ್ರತಿ ಬಾರಿಯೂ ಅಂತರ 90 ಡಿಗ್ರಿ ಬದಲಾಗುತ್ತದೆ. 90ನ್ನು 5.5ರಿಂದ ಭಾಗಿಸಿದರೆ 16 4/11 ನಿಮಿಷ. ಇವುಗಳಲ್ಲಿ ಒಂದಾದ ಮೇಲೆ ಇನ್ನೊಂದು ಬರಲು ಯಾವಾಗಲೂ ಇಷ್ಟೇ ಹೊತ್ತು ಬೇಕು.

12 ಗಂಟೆಗಳಲ್ಲಿ ನಿಮಿಷದ ಮುಳ್ಳು 12 ಸುತ್ತು, ಗಂಟೆ ಮುಳ್ಳು 1 ಸುತ್ತು ತಿರುಗುತ್ತದೆ. ಹಾಗಾಗಿ ನಿಮಿಷದ ಮುಳ್ಳು ಗಂಟೆ ಮುಳ್ಳಿಗಿಂತ 11 ಸುತ್ತು ಹೆಚ್ಚು ತಿರುಗಿರುತ್ತದೆ. ಅಂಥ ಪ್ರತಿ ಸುತ್ತಿನಲ್ಲೂ ಮುಳ್ಳುಗಳು ಒಮ್ಮೆ ಕೂಡುತ್ತವೆ, ಒಮ್ಮೆ ಎದುರುಬದುರಾಗುತ್ತವೆ, ಎರಡು ಸಲ ಲಂಬವಾಗುತ್ತವೆ. ಆದ್ದರಿಂದ 12 ಗಂಟೆಗಳಲ್ಲಿ 11 ಸಲ ಕೂಡುವಿಕೆ, 11 ಸಲ ಎದುರುಬದುರು, 22 ಸಲ ಲಂಬಕೋನ. ದಿನವೊಂದಕ್ಕೆ ಇವು 22, 22 ಮತ್ತು 44 ಆಗುತ್ತವೆ. ಒಂದು ಕೂಡುವಿಕೆಯಿಂದ ಮುಂದಿನದಕ್ಕೆ 65 5/11 ನಿಮಿಷ.

ಗಂಟೆಗೆ ಎರಡು ಲಂಬಕೋನ ಎಂದುಕೊಂಡು 24 ಎನ್ನುವುದು ಸುಲಭ. ಎರಡು ಕಡಿಮೆಯಾಗುವುದಕ್ಕೆ ಕಾರಣ 3 ಗಂಟೆ ಮತ್ತು 9 ಗಂಟೆ. 2ರಿಂದ 3ರವರೆಗಿನ ಅವಧಿಯ ಎರಡನೆಯ ಲಂಬಕೋನ ಸರಿಯಾಗಿ 3 ಗಂಟೆಗೆ ಬರುತ್ತದೆ. 3ರಿಂದ 4ರವರೆಗಿನ ಅವಧಿಯ ಮೊದಲನೆಯದೂ ಅದೇ. 8 ಮತ್ತು 9ರ ಆಚೀಚೆಗೂ ಹೀಗೆಯೇ. ಕೂಡುವಿಕೆಯ ವಿಷಯದಲ್ಲಿ ಇಂಥ ಹಂಚಿಕೆಯ ಗಳಿಗೆ 12 ಗಂಟೆ; ಎದುರುಬದುರಿನ ವಿಷಯದಲ್ಲಿ 6 ಗಂಟೆ.

ಲೆಕ್ಕಕ್ಕೂ ಗಡಿಯಾರಕ್ಕೂ ಹೊಂದದಿದ್ದಾಗ

ಸೂತ್ರ ನಿಂತಿರುವುದು ಎರಡೂ ಮುಳ್ಳುಗಳು ಎಡೆಬಿಡದೆ ಒಂದೇ ವೇಗದಲ್ಲಿ ತಿರುಗುತ್ತವೆ ಎಂಬುದರ ಮೇಲೆ. ಎಲ್ಲ ಗಡಿಯಾರಗಳೂ ಹಾಗಿಲ್ಲ. 1944ರಲ್ಲಿ ಹಾನ್ಸ್ ಹಿಲ್ಫಿಕರ್ ರೂಪಿಸಿದ ಸ್ವಿಸ್ ರೈಲು ನಿಲ್ದಾಣಗಳ ಗಡಿಯಾರದಲ್ಲಿ ನಿಮಿಷದ ಮುಳ್ಳು ನಿಮಿಷಕ್ಕೊಮ್ಮೆ ಜಿಗಿಯುತ್ತದೆ. ಅಂಥ ಗಡಿಯಾರದಲ್ಲಿ 4 ಗಂಟೆ 21 ನಿಮಿಷಕ್ಕೆ ಕಾಣುವ ಕೋನ 4.5 ಡಿಗ್ರಿ, ಮರು ಜಿಗಿತಕ್ಕೆ ನಿಮಿಷದ ಮುಳ್ಳು ಗಂಟೆ ಮುಳ್ಳನ್ನು ದಾಟಿ 1 ಡಿಗ್ರಿ ಮುಂದಿರುತ್ತದೆ. ಎರಡೂ ಕೂಡುವ ಗಳಿಗೆ ಅಲ್ಲಿ ಕಾಣಸಿಗುವುದೇ ಇಲ್ಲ. ಹನ್ನೊಂದು ಕೂಡುವಿಕೆಗಳಲ್ಲಿ ಪೂರ್ಣ ನಿಮಿಷಕ್ಕೆ ಸರಿಯಾಗಿ ಬರುವುದು 12 ಗಂಟೆಯದೊಂದೇ.

ಸಾಮಾನ್ಯ ಗಡಿಯಾರದಲ್ಲಿ ಕೋನ ಹೊಂದದಿದ್ದರೆ ಗಂಟೆ ಮುಳ್ಳು ತನ್ನ ಹಿಡಿತದಲ್ಲಿ ಜಾರಿದೆ ಎಂದು ಅನುಮಾನಿಸಬಹುದು. ಪರೀಕ್ಷಿಸುವ ದಾರಿಯೂ ಅದೇ ವೇಗಗಳಲ್ಲಿದೆ, ಏಕೆಂದರೆ ಗಂಟೆ ಮುಳ್ಳೊಂದೇ ಪೂರ್ತಿ ಹೊತ್ತನ್ನು ಹೇಳಬಲ್ಲದು. ಅದು 12ರಿಂದ 127 ಡಿಗ್ರಿಯಲ್ಲಿದೆ ಎನ್ನೋಣ. 120 ಡಿಗ್ರಿಗೆ 4 ಗಂಟೆ. ಉಳಿದ 7 ಡಿಗ್ರಿಗೆ, ನಿಮಿಷಕ್ಕೆ ಅರ್ಧ ಡಿಗ್ರಿಯಂತೆ, 14 ನಿಮಿಷ. ಆಗ ನಿಮಿಷದ ಮುಳ್ಳು 84 ಡಿಗ್ರಿಯಲ್ಲಿ, 3ರ ಅಂಕಿಗಿಂತ ತುಸು ಹಿಂದೆ ಇರಬೇಕು. ಅದರ ಬದಲು ನಿಮಿಷದ ಮುಳ್ಳು 6ರ ಮೇಲಿದ್ದರೆ ಎರಡೂ ಮುಳ್ಳುಗಳು ಒಂದೇ ಹೊತ್ತನ್ನು ಹೇಳುತ್ತಿಲ್ಲ. ನಾಲ್ಕೂವರೆಗೆ ಗಂಟೆ ಮುಳ್ಳು 135 ಡಿಗ್ರಿಯಲ್ಲಿರಬೇಕಿತ್ತು, ಕೋನ 45 ಆಗಬೇಕಿತ್ತು. ಕಾಣುತ್ತಿರುವುದು 53. ನಿಮಿಷದ ಮುಳ್ಳು ತೋರುವ ಹೊತ್ತು ಸರಿಯಿದ್ದರೆ ಗಂಟೆ ಮುಳ್ಳು 8 ಡಿಗ್ರಿ ಹಿಂದಕ್ಕೆ ಜಾರಿದೆ ಎಂದರ್ಥ. ಎರಡೂ ಮುಳ್ಳುಗಳನ್ನು ಸರಿಯಾಗಿ 12ಕ್ಕೆ ತಂದು ಗಂಟೆ ಮುಳ್ಳನ್ನು ಬಿಚ್ಚಿ ಕೂರಿಸಿದರೆ, ಮಿಕ್ಕೆಲ್ಲ ಹೊತ್ತಿನ ಕೋನಗಳೂ ತಾವಾಗಿ ಸರಿಹೋಗುತ್ತವೆ.