ಹುಬ್ಬಳ್ಳಿಗೆ ಹೋಗಿಬಂದ ಬಿಲ್ಲು

ಸೋಮವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟ ನಮ್ಮ ಸರ್ವಿಸ್ ಇಂಜಿನಿಯರ್ ಮಂಗಳವಾರ, ಬುಧವಾರ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡಿ ಗುರುವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಟಿಎ ಬಿಲ್ಲು ನನ್ನ ಮೇಜಿಗೆ ಬಂತು. ಹೋಗುವ ಬಸ್ಸು, ಬರುವ ಬಸ್ಸು, ಲಾಡ್ಜು, ಲಾಡ್ಜಿಗೆ ಕಟ್ಟಿದ ಅಡ್ವಾನ್ಸು, ಆಟೊ, ಕ್ಯಾಬು, ಕೊರಿಯರ್, ದಿನಭತ್ಯೆ ಎಂದು ಒಟ್ಟು ಎಂಟು ಸಾಲು. ಕೆಳಗೆ ಮೊತ್ತ 9,986 ರೂಪಾಯಿ. ನೋಡಲು ಅಚ್ಚುಕಟ್ಟಾಗಿತ್ತು. ಆದರೂ ಪಾಸ್ ಆಗಿದ್ದು 8,054.

ಇಂಥ ಬಿಲ್ಲು ಕೈಗೆ ಬಂದರೆ ನಾನು ಮೊದಲು ಕೂಡುವುದು ಮೂರು ಮೊತ್ತಗಳನ್ನು. ಅವರು ಕೆಳಗೆ ಬರೆದ ಮೊತ್ತ ಒಂದು. ಸಾಲುಗಳನ್ನು ನಾನೇ ಕ್ಯಾಲ್ಕುಲೇಟರ್‌ನಲ್ಲಿ ಕೂಡಿದರೆ ಬರುವುದು ಇನ್ನೊಂದು. ಹಾಳೆಯನ್ನು ಬದಿಗಿಟ್ಟು, ಪಿನ್ ಮಾಡಿದ ಚೀಟಿಗಳನ್ನಷ್ಟೇ ಕೂಡಿದರೆ ಬರುವುದು ಮೂರನೆಯದು. ಮೂರೂ ತಾಳೆಯಾಗಬೇಕು, ಆಗದಿದ್ದರೆ ವ್ಯತ್ಯಾಸದ ಅಂಕಿಯೇ ಮುಂದಿನ ದಾರಿ ತೋರಿಸುತ್ತದೆ.

ಇಲ್ಲಿ ಸಾಲುಗಳನ್ನು ಕೂಡಿದಾಗ 10,336 ಬಂತು. ಬರೆದದ್ದಕ್ಕಿಂತ 350 ಹೆಚ್ಚು. ಬಿಡಿಭಾಗ ತರಿಸಿದ ಕೊರಿಯರ್ ಖರ್ಚು ಸರಿಯಾಗಿ 350. ಒಂದು ಸಾಲಿನ ಮೊತ್ತದಷ್ಟೇ ವ್ಯತ್ಯಾಸ ಬಂತೆಂದರೆ ಆ ಸಾಲು ಲೆಕ್ಕಕ್ಕೆ ಸಿಕ್ಕಿಲ್ಲ ಎಂದೇ ಅರ್ಥ. ಎಕ್ಸೆಲ್ ತೆರೆದು ನೋಡಿದೆ. ಅವರು ಆ ಮನೆಯಲ್ಲಿ ರೂಢಿಯಂತೆ 350/- ಎಂದು ಟೈಪ್ ಮಾಡಿದ್ದರು. ಓರೆಗೆರೆ ಮತ್ತು ಅಡ್ಡಗೆರೆ ಬಂದ ಕೂಡಲೇ ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ, ಬರೀ ಅಕ್ಷರ. SUM ಅದನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ, ತಪ್ಪೆಂದು ಹೇಳುವುದೂ ಇಲ್ಲ. ಎಂಟು ಸಾಲಿದ್ದಾಗ ಈ ಸೂತ್ರ ಹಾಕಿದರೆ ಉತ್ತರವೂ ಎಂಟೇ ಬರಬೇಕು:

```
=COUNT(C2:C9)
```

ಏಳು ಬಂತು. COUNT ಎಣಿಸುವುದು ನಿಜವಾದ ಸಂಖ್ಯೆಗಳನ್ನು ಮಾತ್ರ.

ಇನ್ನು ಚೀಟಿಗಳ ಸರದಿ. ಆಟೊಗೆ ಚೀಟಿ ಇರುವುದಿಲ್ಲ, ದಿನಭತ್ಯೆಗೆ ಬೇಕಾಗಿಲ್ಲ. ಅವೆರಡನ್ನು ಬಿಟ್ಟು ಕೂಡಿದರೆ ಚೀಟಿಗಳ ಮೊತ್ತ ಹಾಳೆಗಿಂತ 18 ರೂಪಾಯಿ ಹೆಚ್ಚು. ಹದಿನೆಂಟನ್ನು ಒಂಬತ್ತರಿಂದ ಭಾಗಿಸಬಹುದು. ಹಳೆಯ ಗುಮಾಸ್ತರಿಗೆಲ್ಲ ಗೊತ್ತಿದ್ದ ಉಪಾಯ ಇದು. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕವಾಗಿಯೇ ಬರುತ್ತದೆ, ಏಕೆಂದರೆ ಒಂದು ಅಂಕಿ ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ಇಳಿದರೆ ತನ್ನ ಒಂಬತ್ತು ಪಾಲು ಕಳೆದುಕೊಳ್ಳುತ್ತದೆ, ಏರಿದ ಅಂಕಿ ಅಷ್ಟೇ ಪಾಲು ಪಡೆಯುತ್ತದೆ. ಹುಡುಕಿದರೆ ಕ್ಯಾಬಿನ ಬಿಲ್ಲು 364, ಹಾಳೆಯಲ್ಲಿ 346. ಒಂಬತ್ತರ ಗುಣಕ ಬಂದ ಮಾತ್ರಕ್ಕೆ ಅಂಕಿ ತಿರುಗಿದೆ ಎಂದೇನೂ ಅಲ್ಲ, ಆದರೆ ಮೊದಲು ಎಲ್ಲಿ ನೋಡಬೇಕು ಎಂಬುದು ತಿಳಿಯುತ್ತದೆ. ಈ ಎರಡು ತಪ್ಪುಗಳಿಂದ ನಷ್ಟವಾಗಿದ್ದು ಇಂಜಿನಿಯರ್‌ಗೇ. 350, 18 ಎರಡನ್ನೂ ಸೇರಿಸಿಕೊಟ್ಟೆ. ಕತ್ತರಿಸುವುದಕ್ಕೇ ಕೂತಿದ್ದಾರೆ ಎಂಬ ಹೆಸರು ಅಕೌಂಟ್ಸ್‌ನವರಿಗಿದೆ, ಅದಕ್ಕೆ ಹೇಳಿದೆ.

ಎರಡೆರಡು ಸಲ ಬಂದ ಖರ್ಚು ಹಿಡಿಯುವುದು ಇಷ್ಟು ಸಲೀಸಲ್ಲ. ಒಂದೇ ದಿನ, ಒಂದೇ ಮೊತ್ತ ಎರಡು ಕಡೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಆದರೆ ಹಾಗೆ ಕಂಡದ್ದು ಬಹಳ ಸಲ ತಪ್ಪಾಗಿರುವುದಿಲ್ಲ. ಈ ಬಿಲ್ಲಿನಲ್ಲೇ ಆಟೊಗೆ 120ರಂತೆ ನಾಲ್ಕು ಸಲ ಬರೆದಿತ್ತು. ಲಾಡ್ಜಿನಿಂದ ಕಾರ್ಖಾನೆಗೆ ಎರಡು ದಿನ ಹೋಗಿ ಬಂದರೆ ನಾಲ್ಕು ಸಲವೇ ಆಗುತ್ತದೆ. ನಿಜವಾಗಿ ಎರಡು ಸಲ ಬಂದದ್ದು ಬೇರೆ ಬೇರೆ ತಾರೀಖು, ಬೇರೆ ಬೇರೆ ಮೊತ್ತದ ವೇಷದಲ್ಲಿತ್ತು. ರೂಮು ಕಾಯ್ದಿರಿಸಲು ಅವರು ಹಿಂದಿನ ವಾರವೇ ಫೋನ್‌ಪೇಯಲ್ಲಿ 1,000 ರೂಪಾಯಿ ಹಾಕಿದ್ದರು. ಅದರ ಸ್ಕ್ರೀನ್‌ಶಾಟ್ ಒಂದು ಸಾಲು. ಬುಧವಾರ ಲಾಡ್ಜಿನವರು ಕೊಟ್ಟ 3,120ರ ಬಿಲ್ಲು ಇನ್ನೊಂದು ಸಾಲು. ಲಾಡ್ಜಿನ ಬಿಲ್ಲಿನ ತಳದಲ್ಲಿ ಸಣ್ಣದಾಗಿ, ಮುಂಗಡ 1,000 ಕಳೆದು ಬಾಕಿ 2,120 ಎಂದು ಅಚ್ಚಾಗಿತ್ತು. ಕೌಂಟರಿನಲ್ಲಿ ಅವರು ಕೊಟ್ಟಿದ್ದು ಬಾಕಿಯನ್ನಷ್ಟೇ. ಅಲ್ಲಿಗೆ ಒಂದೇ ಸಾವಿರ ಎರಡು ಬಾರಿ ಬಂದಂತಾಯಿತು. ಯಾವ ಎಕ್ಸೆಲ್ ಸೂತ್ರವೂ ಇದನ್ನು ಹಿಡಿಯಲಾರದು. ಬಿಲ್ಲನ್ನು ಮೇಲಿನಿಂದ ಕೆಳತನಕ ಓದಬೇಕು, ದುಡ್ಡು ಕೈಬಿಟ್ಟ ಗಳಿಗೆ ಯಾವುದು ಎಂದು ಕೇಳಿಕೊಳ್ಳಬೇಕು. ಖರ್ಚಿಗೆ ದಾಖಲೆ ಬಿಲ್ಲು. ಪಾವತಿಯ ಸ್ಕ್ರೀನ್‌ಶಾಟ್ ಅದೇ ಖರ್ಚಿನ ನೆರಳು. ನೆರಳಿಗೆ ಬೇರೆ ಸಾಲು ಕೊಡುವಂತಿಲ್ಲ.

ಅದೇ ಬಿಲ್ಲಿನಲ್ಲಿ ಇನ್ನೂ ಒಂದು ಅವಿತುಕೊಂಡಿತ್ತು. ರೂಮಿಗೆ ದಿನಕ್ಕೆ 1,400ರಂತೆ ಎರಡು ದಿನ, ಮೇಲೆ ಶೇ. 5 ಜಿಎಸ್‌ಟಿ ಸೇರಿ 2,940. ಉಳಿದ 180 ರೂಮಿಗೆ ತರಿಸಿಕೊಂಡ ಊಟ. ನಮ್ಮಲ್ಲಿ ಊಟಕ್ಕೆಂದೇ ದಿನಭತ್ಯೆ ಕೊಡುತ್ತೇವೆ. ಹಾಗಾಗಿ ಈ ಊಟದ ಬೆಲೆ ಭತ್ಯೆಯಲ್ಲಿ ಒಮ್ಮೆ, ಲಾಡ್ಜಿನ ಬಿಲ್ಲಿನಲ್ಲಿ ಇನ್ನೊಮ್ಮೆ. 180 ಹೋಯಿತು.

ಎಲ್ಲಕ್ಕಿಂತ ದೊಡ್ಡ ಗಂಟು ದಿನಭತ್ಯೆಯಲ್ಲಿ. (ಇದನ್ನೂ ಡಿಎ ಅನ್ನುತ್ತಾರೆ, ಸಂಬಳದ ತುಟ್ಟಿಭತ್ಯೆಯನ್ನೂ ಡಿಎ ಅನ್ನುತ್ತಾರೆ, ಹೊಸಬರು ತಬ್ಬಿಬ್ಬಾಗುವುದು ಸಹಜ.) ಇಂಜಿನಿಯರ್ ಬೆರಳು ಮಡಚಿ ಎಣಿಸಿದ್ದರು: ಸೋಮ, ಮಂಗಳ, ಬುಧ, ಗುರು, ನಾಲ್ಕು ದಿನ, ದಿನಕ್ಕೆ 800ರಂತೆ 3,200. ನಮ್ಮ ಕಂಪನಿ ಈ ವಿಷಯದಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ತನ್ನ ನೌಕರರಿಗೆ ಮಾಡಿದ ನಿಯಮವನ್ನೇ ಇಟ್ಟುಕೊಂಡಿದೆ. ಕೇಂದ್ರಸ್ಥಾನ ಬಿಟ್ಟಿದ್ದ ಹೊತ್ತನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ, ಒಂದೊಂದು ದಿನವಾಗಿ ಎಣಿಸಬೇಕು. ಆ ದಿನ ಆರು ಗಂಟೆಗಿಂತ ಕಡಿಮೆ ಹೊರಗಿದ್ದರೆ ಶೇ. 30, ಆರರಿಂದ ಹನ್ನೆರಡರವರೆಗೆ ಶೇ. 70, ಹನ್ನೆರಡು ದಾಟಿದರೆ ಪೂರ್ತಿ.

ಸೋಮವಾರ ಹತ್ತರಿಂದ ಹನ್ನೆರಡರವರೆಗೆ ಎರಡೇ ಗಂಟೆ, ಆದ್ದರಿಂದ 240. ಮಂಗಳವಾರ, ಬುಧವಾರ ಪೂರ್ತಿ, 1,600. ಗುರುವಾರ ಬಸ್ಸು ಬಂದದ್ದು 5.30ಕ್ಕೆ, ಆರು ಗಂಟೆ ಆಗಲಿಲ್ಲ, ಮತ್ತೆ 240. ಒಟ್ಟು 2,080. ಕೇಳಿದ್ದಕ್ಕಿಂತ 1,120 ಕಡಿಮೆ.

ಹೊರಟ ಗಳಿಗೆಯಿಂದ 24 ಗಂಟೆಗೊಂದು ದಿನದಂತೆ ಎಣಿಸುವ ಕಂಪನಿಗಳೂ ಇವೆ. ಹಾಗೆ ಎಣಿಸಿದ್ದರೆ ಐವತ್ತೈದೂವರೆ ಗಂಟೆ, ಅಂದರೆ ಎರಡು ಪೂರ್ತಿ ದಿನ, ಮೇಲೆ ಏಳೂವರೆ ಗಂಟೆ, 2,160 ಆಗುತ್ತಿತ್ತು. ಪ್ರಯಾಣ ಅದೇ, ದರ ಅದೇ, ಉತ್ತರ ಬೇರೆ. ಹಾಗಾಗಿ ದರದ ಪಟ್ಟಿ ಹುಡುಕುವ ಮೊದಲು, ದಿನ ಎಲ್ಲಿ ಶುರುವಾಗುತ್ತದೆ ಎಂದು ನಿಯಮದಲ್ಲಿ ಓದಿಕೊಳ್ಳಬೇಕು.

ಇಂಜಿನಿಯರ್‌ನನ್ನು ಕರೆದು ಒಂದೊಂದಾಗಿ ತೋರಿಸಿದೆ. ಸಾವಿರದ ವಿಷಯಕ್ಕೆ ನಾಲಿಗೆ ಕಚ್ಚಿಕೊಂಡರು. ಗುರುವಾರದ ಸಾಲಿಗೆ ಬಂದಾಗ, "ಬಸ್ಸು ಅವತ್ತು ಲೇಟಾಗಿತ್ತು ಸಾರ್, ಏಳರ ಹತ್ರ ಇಳಿದೆ" ಅಂದರು.

ನಾನು ಕ್ಯಾಬಿನ ಬಿಲ್ಲು ಮುಂದಿಟ್ಟೆ. ಮೆಜೆಸ್ಟಿಕ್‌ನಿಂದ ಕ್ಯಾಬು ಹೊರಟ ಸಮಯ ಅದರಲ್ಲಿ 5.42 ಎಂದಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಬೇರೆ ದಿನದ್ದು ನೆನಪಾಗಿರಬೇಕು ಸಾರ್. ನಿಜವಾಗ್ಲೂ ಅರ್ಧ ಗಂಟೆ ಲೇಟಾಗಿದ್ರೆ?"

"ಆರು ಗಂಟೆ ಆಗ್ತಿತ್ತು. 320 ಜಾಸ್ತಿ ಸಿಗ್ತಿತ್ತು ನಿಮಗೆ."

"ಛೇ, ಈ ಡ್ರೈವರು ಹಾಗೆ ಓಡಿಸಬಾರದಿತ್ತು" ಎನ್ನುತ್ತಾ 8,054ಕ್ಕೆ ಸಹಿ ಹಾಕಿದರು.